ಮಾಹಿತಿ ಹಾಳೆ ನೋಡಿ ಬರೆದ ಸುದ್ದಿಗೆ ಅಂಕ ಹೋಗೋದೆಲ್ಲಿ?

ಪ್ರಶ್ನೆ: ಹಾಳೆಯಲ್ಲಿದ್ದ ಎಲ್ಲವನ್ನೂ ಸಾಲಾಗಿ ಬರೆದೆ, ಆದ್ರೂ 20ಕ್ಕೆ 9 ಅಂಕ. ಯಾಕೆ?

ಸಾಲಾಗಿ ಬರೆದಿದ್ದೇ ತಪ್ಪು. ಕಾರವಾರದಲ್ಲಿ ನಾನು ಪತ್ರಿಕೋದ್ಯಮ ತರಗತಿಗೆ ಕೊಡುವ ಒಂದು ಕಲ್ಪಿತ ಹಾಳೆ ನೋಡಿ. ಜುಲೈ 12, ಬೆಳಿಗ್ಗೆ 5ಕ್ಕೆ ಬೈತಖೋಲದಿಂದ ನಾಡದೋಣಿಯಲ್ಲಿ ನಾಲ್ವರು ಹೊರಟರು, 6.30ಕ್ಕೆ ದೋಣಿ ಮಗುಚಿತು, ಮೂವರು ಈಜಿ ದಡ ಸೇರಿದರು, ಒಬ್ಬರು ಸಂಜೆಯಾದರೂ ಸಿಕ್ಕಿಲ್ಲ.

ಲೀಡ್‌ಗೆ, ಅಂದರೆ ಸುದ್ದಿಯ ಮೊದಲ ವಾಕ್ಯಕ್ಕೆ, 8 ಅಂಕ. ಅರ್ಧ ತರಗತಿ 'ಬೆಳಿಗ್ಗೆ 5ಕ್ಕೆ' ಅಂತಲೇ ಶುರು ಮಾಡುತ್ತದೆ. ಮನೆಗೆ ಬಂದವರು ಹೀಗೆ ಸುದ್ದಿ ಹೇಳುತ್ತಾರಾ? 'ಬೈತಖೋಲ ಬಳಿ ಶನಿವಾರ ನಾಡದೋಣಿ ಮಗುಚಿ ಮೀನುಗಾರರೊಬ್ಬರು ಕಾಣೆಯಾಗಿದ್ದು, ಮೂವರು ಈಜಿ ಪಾರಾಗಿದ್ದಾರೆ' ಅಂತ ಬರೆದರೆ ಸಾಕಿತ್ತು. ಆದರೆ ನಿಲ್ಲಿ, ಹಾಳೆಯಲ್ಲಿ ವಾರ ಎಲ್ಲಿದೆ? ನಾನೇ ಸುಮ್ನೆ ಸೇರಿಸಿದೆ. ನಿಖರತೆಯ 7ರಲ್ಲಿ 2 ಅಲ್ಲೇ ಹೋಯಿತು.

ಶೀರ್ಷಿಕೆಗೆ 5. 'ಟ್ರಾಲರ್ ಮುಳುಗಿ ಮೀನುಗಾರ ಸಾವು' ಅಂತ ಬರೆದವರಿಗೆ ನಾನು ಸೊನ್ನೆ ಕೊಡುತ್ತೇನೆ. ಕಾಣೆಯಾದವರು ಸತ್ತರು ಅಂತ ಯಾರೂ ಹೇಳಿಲ್ಲ. ಇನ್ನು ಟ್ರಾಲರ್ ಅನ್ನೋದು ಬರೀ ಪದದ ತಪ್ಪಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಸಾಂಪ್ರದಾಯಿಕ ನಾಡದೋಣಿಗೆ ಇರುವುದಿಲ್ಲ, ಹಾಗಾಗಿ ಆ ಒಂದು ಪದದಿಂದ ನೀವು ಆ ನಾಲ್ವರ ಮೇಲೆ ಕಾನೂನು ಮುರಿದ ಆರೋಪ ಹೊರಿಸಿದ ಹಾಗಾಯಿತು, ಅಲ್ವಾ?

ಬರೆದಾದ ಮೇಲೆ ಪ್ರತಿ ಸಂಖ್ಯೆ, ಹೆಸರು, ವಾರಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ ಹಾಳೆಯಲ್ಲಿ ಹುಡುಕಿ. ಸಿಗದಿದ್ದರೆ ಹೊಡೆದು ಹಾಕಿ.