ಆ ಎರಡು ಪದ ಬಿಟ್ಟು ಪತ್ರ ಕೊಡಿ

ಪ್ರಶ್ನೆ: ನಮ್ಮ ಕ್ಯಾಷಿಯರ್ ಲೆಕ್ಕದಲ್ಲಿ ಮೂರು ಸಲ ಹಣ ಕಡಿಮೆ ಬಂತು. ಗಲಾಟೆ ಬೇಡ ಅಂತ ರಾಜೀನಾಮೆ ಬರೆಸಿಕೊಂಡು ಕಳಿಸಿದೆವು. ಈಗ ‘ಪ್ರಾಮಾಣಿಕ, ನಂಬಿಕಸ್ಥ’ ಅಂತ ಅನುಭವ ಪತ್ರ ಕೇಳುತ್ತಿದ್ದಾನೆ. ಪಾಪ ಅನಿಸುತ್ತದೆ. ಕೊಡಬಹುದಾ?

ಉತ್ತರ: ಪತ್ರ ಕೊಡಿ, ಆದರೆ ಆ ಎರಡು ಪದ ಬೇಡ.

ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಮಾಡುತ್ತಿದ್ದ ಕೆಲಸ. ಇವೆಲ್ಲ ನಿಮ್ಮ ದಾಖಲೆಯಲ್ಲೇ ಇವೆ, ನೋಡಿ ಬರೆದರೆ ಸಾಕು. ಇಷ್ಟಕ್ಕೇ ನಿಲ್ಲಿಸಿದರೆ ಅವನ ನಡತೆಯ ಬಗ್ಗೆ ನೀವು ಒಳ್ಳೆಯದೂ ಹೇಳಿಲ್ಲ, ಕೆಟ್ಟದ್ದೂ ಹೇಳಿಲ್ಲ. ‘ಪ್ರಾಮಾಣಿಕ’ ಅಂದ ಕೂಡಲೇ ಕಥೆ ಬೇರೆ. ಹಣ ಕಡಿಮೆ ಬಂದದ್ದು ಗೊತ್ತಿದ್ದೂ ಹಾಗೆ ಬರೆದಿರಿ, ಅದನ್ನು ನಂಬಿ ಇನ್ನೊಬ್ಬರು ಅವನ ಕೈಗೆ ಗಲ್ಲಾ ಪೆಟ್ಟಿಗೆ ಕೊಟ್ಟರು, ಅಲ್ಲೂ ದುಡ್ಡು ಹೋಯಿತು ಅಂದ್ಕೊಳ್ಳಿ. ಅವರು ಮೊದಲು ಎತ್ತಿಕೊಂಡು ಬರುವುದು ನಿಮ್ಮ ಪತ್ರವನ್ನೇ, ಅಲ್ವಾ?

1997ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಬಂದಿತ್ತು, ಇನ್ನೂ ಗಂಭೀರವಾದದ್ದು. ಶಾಲೆಯ ಅಧಿಕಾರಿಯೊಬ್ಬನ ಮೇಲೆ ಲೈಂಗಿಕ ದುರ್ವರ್ತನೆಯ ದೂರುಗಳಿದ್ದವು. ಹಳೆಯ ಶಾಲಾ ಆಡಳಿತಗಳು ಅದನ್ನು ಮುಚ್ಚಿಟ್ಟು ಹೊಗಳಿ ಬರೆದುಕೊಟ್ಟಿದ್ದವು, ಆಮೇಲೆ ಹೊಸ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಅವನ ಮೇಲೆ ದೂರು ಕೊಟ್ಟಳು. ಸುಮ್ಮನಿರುವುದು ಬೇರೆ, ಹೊಗಳಲು ಶುರುಮಾಡಿ ಅರ್ಧ ಸತ್ಯ ಹೇಳುವುದು ಬೇರೆ, ಮೂರನೆಯವರ ದೇಹಕ್ಕೆ ಅಪಾಯ ಆಗುವುದು ಕಾಣುವಂತಿದ್ದರೆ ಹಾಗೆ ಬರೆದವರೂ ಹೊಣೆಯಾಗಬಹುದು ಎಂದಿತು ಕೋರ್ಟ್. ನಿಮ್ಮ ವಿಷಯ ಬರೀ ದುಡ್ಡಿನದು, ಕಾನೂನೂ ದೇಶಕ್ಕೊಂದು ಥರ. ಆದರೂ ಸುಳ್ಳನ್ನು ನಂಬಿ ನಷ್ಟ ಮಾಡಿಕೊಂಡವರು ಕೇಳುವ ಪ್ರಶ್ನೆ ಎಲ್ಲ ಕಡೆ ಒಂದೇ.

ಹಾಗಂತ ‘ಹಣ ಕದ್ದ’ ಅಂತಲೂ ಬರೆಯಬೇಡಿ. ನೀವು ವಿಚಾರಣೆ ನಡೆಸಿದಿರಾ? ಗಲ್ಲಾದ ಕೀಲಿ ಬೇರೆ ಯಾರ ಹತ್ತಿರ ಇತ್ತು, ಲೆಕ್ಕ ಬರೆಯುವಾಗಲೇ ತಪ್ಪಾಯಿತಾ, ಅವನು ಏನು ಉತ್ತರ ಕೊಟ್ಟ? ಹಣ ಕಡಿಮೆ ಬಂದದ್ದು ನಿಮಗೆ ಗೊತ್ತು, ಕದ್ದದ್ದು ನಿಮ್ಮ ಅನುಮಾನ. ಬ್ರಿಟನ್ನಿನಲ್ಲಿ 1994ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಒಂದು ವಿಮಾ ಕಂಪನಿಯ ಪ್ರಕರಣದಲ್ಲಿ, ಮಾಜಿ ನೌಕರನ ಬಗ್ಗೆ ಬರೆಯುವಾಗ ವಿಷಯ ಸರಿಯಾಗಿ ಪರೀಕ್ಷಿಸಿ ಬರೆಯುವುದು ಕಂಪನಿಯ ಕರ್ತವ್ಯ ಎಂದಿತು. ಅಲ್ಲಿ ಬೇಕಂತಲೇ ಸುಳ್ಳು ಹೇಳಿರಲಿಲ್ಲ, ಅಸಡ್ಡೆಯೇ ಮುಳುವಾಯಿತು.

ಇನ್ನೊಂದು ಪದ ಸದ್ದಿಲ್ಲದೆ ನುಸುಳಿಬಿಡುತ್ತದೆ: ‘ಸ್ವಇಚ್ಛೆಯಿಂದ’. ರಾಜೀನಾಮೆ ಬರೆಸಿಕೊಂಡೆವು ಅಂತ ನೀವೇ ಹೇಳುತ್ತಿದ್ದೀರಿ. ಬಿಟ್ಟ ದಿನ ಮಾತ್ರ ಹಾಕಿ, ಕಾರಣ ಬೇಡ. ಅವನೊಬ್ಬನಿಗೇ ಹೀಗೆ ಚಿಕ್ಕ ಪತ್ರ ಕೊಟ್ಟು ಉಳಿದವರಿಗೆಲ್ಲ ಪುಟಗಟ್ಟಲೆ ಹೊಗಳಿದರೆ ಆ ವ್ಯತ್ಯಾಸವೇ ಮಾತಾಡುತ್ತದೆ, ಅದಕ್ಕೇ ಇನ್ನು ಮುಂದೆ ಎಲ್ಲರಿಗೂ ಒಂದೇ ನಮೂನೆ ಇಟ್ಟುಕೊಳ್ಳಿ.

ಜಾಸ್ತಿ ಜನ ಸಿಕ್ಕಿಬೀಳುವುದು ಫೋನಿನಲ್ಲಿ. ಹೊಸ ಕಂಪನಿಯವರು ಕರೆಮಾಡಿ ‘ಮನುಷ್ಯ ಹೇಗೆ ಸಾರ್, ನಮ್ಮಿಬ್ಬರ ಮಧ್ಯೆ ಇರಲಿ’ ಅಂತಾರೆ. ‘ದಿನಾಂಕ, ಹುದ್ದೆ ಬಿಟ್ಟು ನಾವು ಯಾರ ಬಗ್ಗೆಯೂ ಬೇರೇನೂ ಹೇಳುವುದಿಲ್ಲ’ ಅಂದುಬಿಡಿ. ಕರೆ ತೆಗೆಯುವ ಮ್ಯಾನೇಜರ್‌ಗೂ ಇದನ್ನು ಇವತ್ತೇ ತಿಳಿಸಿ.