ಲಾಂಗ್ ರನ್ ಆದ ಮೇಲೆ ಮಂಡಕ್ಕಿ, ಮಿರ್ಚಿ ಸಾಕಾ?

ಭಾನುವಾರ ಬಳ್ಳಾರಿಯಲ್ಲಿ 24 ಕಿ.ಮೀ. ಓಡ್ತೀನಿ, ಸೋಮವಾರ ಬೆಳಿಗ್ಗೆ ಮತ್ತೆ ಓಟ ಇರುತ್ತೆ. ತೂಕ 60 ಕೆಜಿ. ಓಟ ಮುಗಿಸಿ ಎಷ್ಟು ಹೊತ್ತಿನೊಳಗೆ, ಏನು ತಿನ್ನಬೇಕು?

ಉತ್ತರ:
ಮರುದಿನವೇ ಓಟ ಇರುವುದರಿಂದ ಮೊದಲ ಒಂದು ಗಂಟೆಯೊಳಗೆ ತಿನ್ನಿ. ಉದ್ದ ಓಟದಲ್ಲಿ ಸ್ನಾಯುಗಳು ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಬಹಳಷ್ಟು ಖಾಲಿಯಾಗಿರುತ್ತದೆ. ಓಟ ನಿಲ್ಲಿಸಿದ ಕೂಡಲೇ ಅವು ಸಕ್ಕರೆಯನ್ನು ಬೇಗ ಹೀರಿಕೊಳ್ಳುತ್ತವೆ. ಆದರೂ ಪೂರ್ತಿ ತುಂಬಲು ಸುಮಾರು ಒಂದು ದಿನ ಬೇಕು.

ಆ ಮೊದಲ ತಿಂಡಿಯಲ್ಲಿ ಪ್ರತಿ ಕೆಜಿ ತೂಕಕ್ಕೆ 1 ಗ್ರಾಂ ಕಾರ್ಬ್, 0.3 ಗ್ರಾಂ ಪ್ರೋಟೀನ್ ಲೆಕ್ಕ ಹಿಡಿಯಿರಿ. ನಿಮಗೆ 60 ಗ್ರಾಂ ಮತ್ತು 18-20 ಗ್ರಾಂ. ಎರಡು ಬಾಳೆಹಣ್ಣು, ಒಂದು ದೊಡ್ಡ ಲೋಟ ಹಾಲು, ಎರಡು ಬೇಯಿಸಿದ ಮೊಟ್ಟೆ: ಮುಗೀತು. ಪೌಡರ್ ಡಬ್ಬಿ ಸುಮ್ನೆ ಖರ್ಚು.

ಮಂಡಕ್ಕಿ ಒಗ್ಗರಣೆ ಕೆಟ್ಟದ್ದಲ್ಲ. ಅದು ಅಕ್ಕಿಯದೇ ಅಲ್ವಾ, ಕಾರ್ಬ್ ಸಿಗುತ್ತದೆ. ಆದರೆ ಪ್ರೋಟೀನ್ ತೀರಾ ಕಡಿಮೆ, ಮೇಲೆ ಉದುರಿಸುವ ಪುಟಾಣಿ ಪುಡಿ ಸಾಲುವುದಿಲ್ಲ. ಜೊತೆಗೆ ಮೊಟ್ಟೆ ತಿನ್ನಿ. ಮಿರ್ಚಿ ಮಾತ್ರ ಆಗ ಬೇಡ. ಎಣ್ಣೆ ಜಾಸ್ತಿಯಾದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಮುಂದಿನ ಊಟ ಸೇರುವುದಿಲ್ಲ. (ಸಂಜೆ ತಿನ್ನಿ, ನಾನೂ ಬಿಟ್ಟಿಲ್ಲ.)

ಎರಡು ಗಂಟೆ ಬಿಟ್ಟು ರೊಟ್ಟಿ, ಕಾಳು ಪಲ್ಯ, ಮೊಸರನ್ನ ಹೊಟ್ಟೆ ತುಂಬಾ ಉಣ್ಣಿ. ಸೋಮವಾರ ನಿಧಾನವಾಗಿ ಓಡಿದರೂ ಮೊದಲ ಕಿಲೋಮೀಟರಿನಿಂದಲೇ ಕಾಲು ಭಾರ ಅನಿಸಿದರೆ, ಭಾನುವಾರದ ಅನ್ನ-ರೊಟ್ಟಿ ಕಡಿಮೆಯಾಗಿರಬಹುದು.

ಮುಂದಿನ ಓಟ ಎರಡು ದಿನ ಬಿಟ್ಟು ಇದ್ದರೆ ಈ ಗಡಿಬಿಡಿ ಬೇಕಿಲ್ಲ, ಮಾಮೂಲಿ ಊಟ ಸಾಕು.