6.8 ಮಿ.ಮೀ. ರಿವೆಟ್ ಎಲ್ಲಿ ಸಿಗುತ್ತದೆ?

“ಸರ್, ಐಟಿಐ ಹುಡುಗರಿಗಾಗಿ ರಿವೆಟ್ ಉದ್ದದ ಬಗ್ಗೆ ಬರೆದ ಲೇಖನ ವಾಪಸ್ ಬಂದಿದೆ. ಸೂತ್ರವೂ ಇದೆ, ಉದಾಹರಣೆಯೂ ಇದೆ. ಎಲ್ಲಿ ಎಡವಿದೆ, ಮುಲಾಜಿಲ್ಲದೆ ಹೇಳಿ.”

ಮೊದಲ ಒಂದೂವರೆ ಪುಟ ಹೌರಾ ಸೇತುವೆ. ಅದನ್ನು ಪೂರ್ತಿ ತೆಗೆಯಿರಿ. ಅಲ್ಲಿರುವುದು ಕೆಂಪಗೆ ಕಾಯಿಸಿ ಬಡಿದ ಉಕ್ಕಿನ ರಿವೆಟ್. ನಿಮ್ಮ ವಿಷಯ ವಿಮಾನದ ತಗಡಿಗೆ ತಣ್ಣಗೇ ಬಡಿಯುವ ಅಲ್ಯೂಮಿನಿಯಂ ರಿವೆಟ್.

ನಿಮ್ಮ ಲೆಕ್ಕ ತಪ್ಪಿಲ್ಲ. ತಲಾ 1 ಮಿ.ಮೀ. ದಪ್ಪದ ಎರಡು ತಗಡು, ಹಾಗಾಗಿ ಗ್ರಿಪ್, ಅಂದರೆ ರಿವೆಟ್ ಹಿಡಿದಿಡುವ ಒಟ್ಟು ದಪ್ಪ, 2 ಮಿ.ಮೀ. ವ್ಯಾಸವು ಹೆಚ್ಚು ದಪ್ಪದ ತಗಡಿನ ಸುಮಾರು ಮೂರು ಪಟ್ಟು ಇರಬೇಕು ಎಂದು 3.2 ಮಿ.ಮೀ. ರಿವೆಟ್ ಆರಿಸಿದ್ದೀರಿ. ಗ್ರಿಪ್‌ಗೆ ವ್ಯಾಸದ ಒಂದೂವರೆ ಪಟ್ಟು, ಅಂದರೆ 4.8 ಕೂಡಿಸಿ ‘ಬೇಕಾದ ಉದ್ದ 6.8 ಮಿ.ಮೀ.’ ಎಂದು ಬರೆದು ಪೆನ್ನು ಕೆಳಗಿಟ್ಟಿದ್ದೀರಿ. ಹುಡುಗನಿಗೆ ತಲೆನೋವು ಶುರುವಾಗುವುದೇ ಅಲ್ಲಿಂದ. ಈ ರಿವೆಟ್‌ಗಳ ಉದ್ದ ಸಾಮಾನ್ಯವಾಗಿ ಅಂಗುಲದ ಹದಿನಾರನೇ ಒಂದು ಭಾಗದಷ್ಟೇ ಏರುತ್ತ ಹೋಗುತ್ತದೆ. ಒಂದು ಡಬ್ಬಿಯಲ್ಲಿ 6.4, ಪಕ್ಕದ್ದರಲ್ಲಿ 7.9. ಅವನು ಯಾವುದಕ್ಕೆ ಕೈ ಹಾಕಬೇಕು?

ಉತ್ತರ ಬೇಕಿದ್ದರೆ ಆ ಒಂದೂವರೆ ಪಟ್ಟು ಎಲ್ಲಿಂದ ಬಂತು ಎಂದು ಹೇಳಲೇಬೇಕು. ಬಡಿದ ಮೇಲೆ ಹಿಂಬದಿಯಲ್ಲಿ ಮೂಡುವ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು: ಇಲ್ಲಿ 4.8 ಅಗಲ, 1.6 ಎತ್ತರ. ಅಷ್ಟು ಲೋಹಕ್ಕೆ 3.6 ಮಿ.ಮೀ. ಉದ್ದದ ಕಡ್ಡಿ ಸಾಕು. ರಂಧ್ರ ರಿವೆಟ್‌ಗಿಂತ ಕೂದಲೆಳೆ ದೊಡ್ಡದಿರುವುದರಿಂದ ಆ ಸಂದು ತುಂಬಲು ಇನ್ನೂ ಚೂರು ಹೋಗುತ್ತದೆ. 3.7 ಎನ್ನಿ. ಒಂದೂವರೆ ಪಟ್ಟು ಎಂಬುದರಲ್ಲಿ ಆಗಲೇ ಧಾರಾಳತನವಿದೆ.

6.4ರ ರಿವೆಟ್ ಹಾಕಿದರೆ 4.4 ಹೊರಗುಳಿಯುತ್ತದೆ, ತಲೆ ಸರಿಯಾಗಿ ಕೂರುತ್ತದೆ. 7.9ರದ್ದಾದರೆ 5.9 ಹೊರಗೆ. ಹಿಂಬದಿಯಲ್ಲಿ ಒತ್ತಿ ಹಿಡಿಯುವ ಲೋಹದ ಗಟ್ಟಿ, ಅಂದರೆ ಬಕಿಂಗ್ ಬಾರ್, ಸ್ವಲ್ಪ ಓರೆಯಾದರೂ ಉದ್ದನೆಯ ಬಾಲ ಪಕ್ಕಕ್ಕೆ ಬಾಗಿ ಮಲಗಿಬಿಡುತ್ತದೆ. ಬಾಗದಿದ್ದರೂ ಅಷ್ಟು ಲೋಹವನ್ನು 1.6ಕ್ಕೆ ಚಪ್ಪಟೆ ಮಾಡಲು ಹೋದರೆ ಅಗಲ 6 ದಾಟುತ್ತದೆ, ಅಂಚು ಬಿರಿಯಬಹುದು. ಹಾಗಾಗಿ ಇಲ್ಲಿ 6.4. ಈ ತೀರ್ಮಾನವೇ ನಿಮ್ಮ ಲೇಖನ, ಸ್ವಾಮಿ, ಅದನ್ನೇ ಬರೆದಿಲ್ಲ.

ನಾಲ್ಕನೇ ಪುಟದಲ್ಲಿ ಮಾತ್ರ ನಿಜವಾದ ತಪ್ಪಿದೆ. ಅದೇ ಜೋಡಣೆಯ ನಡುವೆ 0.5 ಮಿ.ಮೀ. ಪಟ್ಟಿ ತೂರಿಸಿದ್ದೀರಿ, ಗ್ರಿಪ್ ಮಾತ್ರ 2ರಲ್ಲೇ ಬಿಟ್ಟಿದ್ದೀರಿ. ತಲೆಗಳ ನಡುವೆ ಸಿಕ್ಕಿಬೀಳುವುದೆಲ್ಲ ಗ್ರಿಪ್, ಅದು 2.5 ಆಗಬೇಕು. ಆಗ 6.4ರಲ್ಲಿ ಉಳಿಯುವುದು 3.9, ಅಂಚಿನಲ್ಲೇ ನಿಂತ ಅಳತೆ. ಬಡಿದ ತಲೆಯ ಅಗಲವನ್ನೂ ಎತ್ತರವನ್ನೂ ಗೇಜ್ ಹಿಡಿದು ನೋಡದೆ ಬಿಡುವಂತಿಲ್ಲ.

ತಲೆ ತಗಡಿನೊಳಗೆ ಹುದುಗಿ ಮಟ್ಟವಾಗಿ ಕೂರುವ ಕೌಂಟರ್‌ಸಂಕ್ ರಿವೆಟ್‌ಗೆ ಉದ್ದವನ್ನು ತಲೆಯ ಮೇಲ್ಭಾಗದಿಂದ, ಉಬ್ಬುತಲೆಯದಕ್ಕೆ ತಲೆಯ ಕೆಳಗಿನಿಂದ ಅಳೆಯುತ್ತಾರೆಂದು ಒಂದು ಸಾಲು ಸೇರಿಸಿ. ಎರಡು ಡಬ್ಬಿಗಳ ಮುಂದೆ ನಿಂತ ಹುಡುಗನಿಂದ ಶುರುಮಾಡಿ, ಎರಡೂವರೆ ಪುಟಕ್ಕೆ ಇಳಿಸಿ ಕಳಿಸಿ. ಚಿತ್ರ ನಾವು ಬರೆಸುತ್ತೇವೆ.